ಒಂದು ಕ್ಯೂಬಿಟ್‌ಗೆ ಯಾವ ನಾಯ್ಸ್ ಮಾದರಿ: ಆಂಪ್ಲಿಟ್ಯೂಡ್ ಡ್ಯಾಂಪಿಂಗಾ, ಡಿಫೇಸಿಂಗಾ?

ಸಿಮ್ಯುಲೇಶನ್‌ಗೆ ಎರಡರಲ್ಲಿ ಯಾವುದನ್ನು ಹಾಕಬೇಕು? |+⟩ ಸ್ಥಿತಿಯಿಂದ ಶುರು ಮಾಡೋಣ. ಅದರ ಡೆನ್ಸಿಟಿ ಮ್ಯಾಟ್ರಿಕ್ಸ್‌ನ ನಾಲ್ಕೂ ಅಂಶಗಳು 0.5.

ಯೂನಿಟರಿ ಗೇಟ್ ಈ ಸ್ಥಿತಿಯನ್ನು ಬ್ಲಾಕ್ ಗೋಳದ ಮೇಲೆ ತಿರುಗಿಸುತ್ತದೆ, ಅಷ್ಟೇ. ಶುದ್ಧತೆ Tr ρ² ಒಂದಾಗಿಯೇ ಉಳಿಯುತ್ತದೆ, ಉಲ್ಟಾ ಗೇಟ್ ಹಾಕಿದರೆ ಮೊದಲ ಸ್ಥಿತಿ ವಾಪಸ್ ಬರುತ್ತದೆ. ಪರಿಸರದ ಜೊತೆ ಬೆರೆತ ಕ್ಯೂಬಿಟ್‌ಗೆ ಆ ಅನುಕೂಲ ಇಲ್ಲ. ಮಾಹಿತಿ ಹೊರಗೆ ಸೋರುತ್ತದೆ.

ಈಗ ಎರಡೂ ಚಾನೆಲ್‌ಗೆ 0.36 ಪ್ರಮಾಣ ಕೊಡಿ, γ = λ = 0.36. ಕರ್ಣದ ಆಚೀಚೆಯ ಅಂಶ ಎರಡರಲ್ಲೂ √0.64 ಪಟ್ಟು ಕುಗ್ಗಿ 0.4 ಆಗುತ್ತದೆ. ಅದನ್ನೊಂದೇ ನೋಡಿದರೆ ವ್ಯತ್ಯಾಸ ಕಾಣುವುದೇ ಇಲ್ಲ! ಕರ್ಣದ ಮೇಲೆ ನೋಡಿ. ಡಿಫೇಸಿಂಗ್‌ನಲ್ಲಿ 0.5, 0.5 ಹಾಗೇ ಇದೆ. ಡ್ಯಾಂಪಿಂಗ್‌ನಲ್ಲಿ 0.68, 0.32, ಯಾಕೆಂದರೆ |1⟩ ಶಕ್ತಿ ಕಳೆದುಕೊಂಡು |0⟩ಗೆ ಇಳಿಯುತ್ತದೆ. ಶುದ್ಧತೆ ಡಿಫೇಸಿಂಗ್‌ನಲ್ಲಿ 0.82, ಡ್ಯಾಂಪಿಂಗ್‌ನಲ್ಲಿ ಸುಮಾರು 0.88. ಡ್ಯಾಂಪಿಂಗನ್ನು ಪೂರ್ತಿಯಾಗಿ ನಡೆಯಲು ಬಿಟ್ಟರೆ ಕೊನೆಗೆ ಶುದ್ಧ |0⟩ ಸಿಗುತ್ತದೆ. ಇದು ಹಲವರಿಗೆ ಹೊಳೆಯುವುದಿಲ್ಲ.

ಆಯ್ಕೆಗೆ ಶಕ್ತಿ ಕಳೆಯುವ ಕಾಲ T1, ಕರ್ಣದ ಆಚೀಚೆಯ ಅಂಶ ಕುಗ್ಗುವ ಕಾಲ T2, ಇವೆರಡರ ಅಳತೆ ಸಾಕು. ಬರೀ ಡಿಫೇಸಿಂಗ್‌ನ ಕಾಲ Tφ ಇದರಿಂದ ಸಿಗುತ್ತದೆ:

```
1/T2 = 1/(2·T1) + 1/Tφ
```

T2 ಸರಿಯಾಗಿ 2·T1 ಇದ್ದರೆ ಡ್ಯಾಂಪಿಂಗ್ ಒಂದೇ ಸಾಕು. T1 50, T2 40 ಮೈಕ್ರೊಸೆಕೆಂಡ್ ಬಂದಿದೆ ಅನ್ನಿ. ಆಗ Tφ ಸುಮಾರು 67, ಎರಡೂ ಚಾನೆಲ್ ಬೇಕು. T2ಗಿಂತ T1 ತುಂಬಾ ಜಾಸ್ತಿ ಇದ್ದರೆ, ಚಿಕ್ಕ ಸರ್ಕ್ಯೂಟ್‌ಗೆ ಡಿಫೇಸಿಂಗ್ ಮಾತ್ರ ಹಾಕಿದರೂ ನಡೆಯುತ್ತದೆ. ಅಂದಹಾಗೆ, ಈ ಡ್ಯಾಂಪಿಂಗ್ ಮಾದರಿ ಪರಿಸರ ಪೂರ್ತಿ ತಣ್ಣಗಿದೆ ಅಂತ ಭಾವಿಸುತ್ತದೆ. ತುಂಬಾ ಹೊತ್ತು ಕಾದ ಮೇಲೂ |1⟩ ಸ್ವಲ್ಪ ಉಳಿದಿದ್ದರೆ, ಅದರ ಉಷ್ಣ ರೂಪವನ್ನೇ ಬಳಸಿ.