4 ಜಿಬಿಯ ಹೊಸ ಕಾರ್ಡಾ, 8 ಜಿಬಿಯ ಹಳೇ ಕಾರ್ಡಾ?

ಆಟ ಆಡಲು ಅಗ್ಗದ ಗ್ರಾಫಿಕ್ಸ್ ಕಾರ್ಡ್ ಬೇಕೆಂದರೆ ನನ್ನ ಓಟು ಹಳೇ 8 ಜಿಬಿ ಕಾರ್ಡಿಗೆ. ಎರಡನ್ನೂ ಒಂದೇ ಹಳೆಯ ಮದರ್‌ಬೋರ್ಡಿನಲ್ಲಿ ಹಾಕಿ ಆಡಿದ ಮೇಲೆ ಈ ಮಾತು.

64 ಬಿಟ್ ಬಸ್, 4 ಜಿಬಿ ಮೆಮೊರಿಯ ಕಾರ್ಡನ್ನು ಸುಮ್ನೆ ಬೈಯುವಂತಿಲ್ಲ. ಕರೆಂಟ್ ಕಡಿಮೆ ಎಳೆಯುತ್ತದೆ, ಬಿಸಿಯೂ ಕಡಿಮೆ. ಆನ್‌ಲೈನ್ ಶೂಟಿಂಗ್ ಆಟಗಳು 1080p ನಲ್ಲಿ ಆರಾಮಾಗಿ ಓಡುತ್ತವೆ.

ತೊಂದರೆ ಶುರುವಾಗುವುದು ದೊಡ್ಡ ಓಪನ್ ವರ್ಲ್ಡ್ ಆಟಗಳಲ್ಲಿ. ಟೆಕ್ಸ್ಚರ್ High ಇಟ್ಟು ಆಡುತ್ತಿದ್ದೆ. ಸರಾಸರಿ ಎಫ್‌ಪಿಎಸ್ ಚೆನ್ನಾಗಿಯೇ ಇತ್ತು. ಆದರೆ ಊರೊಳಗೆ ಗಾಡಿ ತಿರುಗಿಸಿದ ಕೂಡಲೇ ಆಟ ಗಕ್ಕನೆ ನಿಂತು, ಮತ್ತೆ ಮುಂದಕ್ಕೆ ಹೋಗುತ್ತಿತ್ತು. ರೆಸಲ್ಯೂಷನ್ 720p ಗೆ ಇಳಿಸಿದೆ. ಜರ್ಕ್ ಹೋಗಲಿಲ್ಲ. Task Manager ತೆರೆದು ನೋಡಿದರೆ Dedicated GPU memory ತುಂಬಿ ಹೋಗಿತ್ತು, ಪಕ್ಕದಲ್ಲಿ Shared GPU memory ಏರುತ್ತಲೇ ಇತ್ತು. ಅಂದರೆ 4 ಜಿಬಿಯಲ್ಲಿ ಹಿಡಿಸದೆ ಉಳಿದದ್ದು ಕಂಪ್ಯೂಟರಿನ ರ‍್ಯಾಮ್‌ಗೆ ಹೋಗಿ ಕೂತಿತ್ತು. ಟೆಕ್ಸ್ಚರ್ Medium ಮಾಡಿದ ಮೇಲೆ ಸಮಾಧಾನ. ರೆಸಲ್ಯೂಷನ್ ಇಳಿಸಿದರೂ ಟೆಕ್ಸ್ಚರ್ ಹಿಡಿಯುವ ಜಾಗ ಅಷ್ಟೇ ಇರುತ್ತದಲ್ವಾ!

ಹೀಗೆ ಚೆಲ್ಲಿದ್ದನ್ನು ವಾಪಸ್ ತರುವ ದಾರಿಯೇ ನಿಜವಾದ ತಲೆನೋವು. ಇಂಥ 4 ಜಿಬಿ ಕಾರ್ಡುಗಳಿಗೆ ಎಲ್ಲರೂ ಬಲ್ಲ ಉದಾಹರಣೆ 2022ರಲ್ಲಿ ಬಂದ RX 6500 XT. ಅದರ ಸ್ವಂತ ಮೆಮೊರಿಯ ವೇಗ ಸೆಕೆಂಡಿಗೆ 144 ಜಿಬಿ. ರ‍್ಯಾಮ್‌ನಿಂದ ತರಬೇಕಾದರೆ ಇರುವುದು ಕಾರ್ಡನ್ನು ಬೋರ್ಡಿಗೆ ಜೋಡಿಸುವ PCIe ದಾರಿಯ ನಾಲ್ಕೇ ಲೇನ್. 4.0 ಬೋರ್ಡಿನಲ್ಲಿ ಅದು ಸೆಕೆಂಡಿಗೆ ಸುಮಾರು 8 ಜಿಬಿ, 3.0 ಬೋರ್ಡಿನಲ್ಲಿ ಅದರ ಅರ್ಧ. ಬಜೆಟ್ ಕಾರ್ಡ್ ಕೊಳ್ಳುವವರ ಹತ್ತಿರ ಜಾಸ್ತಿ ಇರುವುದೇ ಹಳೇ ಬೋರ್ಡು! ನಿಮ್ಮದು ಯಾವುದು ಅಂತ GPU-Z ಅನ್ನೋ ಸಾಫ್ಟ್‌ವೇರಿನ Bus Interface ಸಾಲಿನಲ್ಲಿ ಕಾಣುತ್ತದೆ. ಅಲ್ಲಿ @ x4 3.0 ಅಂತಿದ್ದರೆ ಟೆಕ್ಸ್ಚರ್ ವಿಷಯದಲ್ಲಿ ಆಸೆ ಇಟ್ಟುಕೊಳ್ಳಬೇಡಿ. ಆಡುವ ಮುಂಚೆ ಬ್ರೌಸರ್ ಮುಚ್ಚಿ, ಅದೂ ಸ್ವಲ್ಪ ಮೆಮೊರಿ ತಿನ್ನುತ್ತದೆ.

ಆಟ ರೆಕಾರ್ಡ್ ಮಾಡುವವರು 6500 XT ಬಿಟ್ಟುಬಿಡಿ, ಅದರಲ್ಲಿ ವಿಡಿಯೋ ಎನ್‌ಕೋಡರೇ ಇಲ್ಲ.

ಇನ್ನು ಹಳೇ ಕಾರ್ಡು. ನನ್ನ ಹತ್ತಿರ ಇರುವುದು 2017ರ RX 580, 8 ಜಿಬಿಯದು. ಬಸ್ 256 ಬಿಟ್, ಲೇನ್ 16. ಅದೇ ಆಟ, ಅದೇ ಬೀದಿ, ಟೆಕ್ಸ್ಚರ್ High. ಎಫ್‌ಪಿಎಸ್ ಹೆಚ್ಚೇನೂ ಏರಲಿಲ್ಲ, ಆದರೆ ತಿರುವಿನಲ್ಲಿ ನಿಲ್ಲುವುದು ತಪ್ಪಿತು. ಇದಕ್ಕೂ ಕಾಟ ಉಂಟು. 185 ವಾಟ್ ಎಳೆಯುತ್ತದೆ, ಪವರ್ ಸಪ್ಲೈನಲ್ಲಿ 8 ಪಿನ್ ವೈರ್ ಬೇಕು, ಫ್ಯಾನ್ ಸದ್ದೂ ಜೋರು. ರೇ ಟ್ರೇಸಿಂಗ್ ಕಡ್ಡಾಯ ಮಾಡಿರುವ ಹೊಸ ಆಟಗಳನ್ನು ಇದರಲ್ಲಿ ಆಡುವ ಮಾತೇ ಇಲ್ಲ. ಸೆಕೆಂಡ್ ಹ್ಯಾಂಡ್ ಆದ್ದರಿಂದ ಗ್ಯಾರಂಟಿಯೂ ಸಿಗುವುದಿಲ್ಲ. ಕೊಳ್ಳುವ ಮುಂಚೆ ಭಾರಿ ಆಟವೊಂದನ್ನು ಅರ್ಧ ಗಂಟೆ ಓಡಿಸಿ ನೋಡಿ. ಪರದೆಯ ಮೇಲೆ ಬಣ್ಣಬಣ್ಣದ ಚುಕ್ಕೆ ಕಂಡರೆ ಬಿಟ್ಟು ಬನ್ನಿ.

ನಾನು ಆಡುವುದು ಕಥೆ ಇರುವ ಆಟ, ಅದೂ ಹೊರಬಂದು ಒಂದೆರಡು ವರ್ಷ ಕಳೆದು ಅಗ್ಗವಾದ ಮೇಲೆ. ನನಗೆ 580 ಸಾಕು. ನಿಮ್ಮದು ಬರೀ ಆನ್‌ಲೈನ್ ಶೂಟರ್, ಬೋರ್ಡು PCIe 4.0, ಪವರ್ ಸಪ್ಲೈ ಚಿಕ್ಕದು ಅಂತಾದರೆ 4 ಜಿಬಿ ಕಾರ್ಡು ತಗೊಳ್ಳಿ. ಟೆಕ್ಸ್ಚರ್ ಮಾತ್ರ Medium ದಾಟಿಸಬೇಡಿ.