0.01 ಮೋಲಾರ್ ಕೆಸಿಎಲ್ಲೋ, 0.1 ಮೋಲಾರೋ?

ವಾಹಕತೆ ಮೀಟರಿನ ಸೆಲ್ ಸ್ಥಿರಾಂಕ ಕಂಡುಕೊಳ್ಳಲು ಯಾವ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಬಳಸಬೇಕೆಂಬುದನ್ನು ಅಳೆಯುವ ನೀರೇ ನಿರ್ಧರಿಸುತ್ತದೆ. ಉಡುಪಿ, ಮಂಗಳೂರಿನ ಮುರಕಲ್ಲಿನ ಬಾವಿಗಳ ನೀರು ಸಾಮಾನ್ಯವಾಗಿ ತೆಳು. ಅದಕ್ಕೆ 0.01 ಮೋಲಾರ್ ದ್ರಾವಣ ಸಾಕು. ಅದರ ವಾಹಕತೆ 25°C ನಲ್ಲಿ 1413 µS/cm. ಬೇಸಿಗೆಯಲ್ಲಿ ಉಪ್ಪು ನೀರು ನುಗ್ಗುವ ನೇತ್ರಾವತಿ ಅಳಿವೆಯ ಮಾದರಿಗೆ 0.1 ಮೋಲಾರ್, ಅಂದರೆ 12.88 mS/cm, ಬೇಕು. ಪ್ಲಾಟಿನಂ ಕಪ್ಪು ಲೇಪ ಸವೆದ ಸೆಲ್ ಗಾಢ ದ್ರಾವಣದಲ್ಲಿ ಕಡಿಮೆ ತೋರಿಸುತ್ತದೆ. ತೆಳು ದ್ರಾವಣದಲ್ಲಿ ಆ ದೋಷ ಕಾಣುವುದೇ ಇಲ್ಲ.

ತಯಾರಿಯಲ್ಲಿ 0.1 ಸುಲಭ: ಲೀಟರಿಗೆ 7.455 ಗ್ರಾಂ. ಇನ್ನೊಂದಕ್ಕೆ 0.7455 ಗ್ರಾಂ ಮಾತ್ರ, ತೂಕದ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಹಾಗಾಗಿ 0.1 ಮಾಡಿ, 100 ಮಿಲಿಯನ್ನು ಪಿಪೆಟ್‌ನಲ್ಲಿ ತೆಗೆದು ಒಂದು ಲೀಟರಿಗೆ ತುಂಬಿಸುವುದೇ ಮೇಲು. ಮಳೆಗಾಲದಲ್ಲಿ ಉಪ್ಪು ತೇವ ಹೀರಿರುತ್ತದೆ. 105°C ನಲ್ಲಿ ಎರಡು ಗಂಟೆ ಒಣಗಿಸಿ, ಡೆಸಿಕೇಟರಿನಲ್ಲಿ ಆರಿಸಿಯೇ ತೂಗಿ.

ಎಡವುವುದು ತಾಪಮಾನದಲ್ಲಿ. ಕೋಣೆ 30°C, ತಾಪಮಾನ ತಿದ್ದುಪಡಿ ಆಫ್, ಸೆಲ್ ಸ್ಥಿರಾಂಕ K ಅನ್ನು 1.00 ಎಂದಿಟ್ಟಾಗ 0.01 ದ್ರಾವಣಕ್ಕೆ ಮೀಟರ್ 1478 ತೋರಿಸಿತೆನ್ನಿ. 30°C ನಲ್ಲಿ ಅದರ ನಿಜಮೌಲ್ಯ ಸುಮಾರು 1552. ಆದ್ದರಿಂದ

```
K = 1552 / 1478 = 1.050
```

ಬಾಟಲಿಯ ಮೇಲಿನ 1413 ಹಾಕಿದರೆ 0.956 ಬರುತ್ತದೆ, ಮುಂದಿನ ಎಲ್ಲ ಅಳತೆಯೂ ಶೇ. 9ರಷ್ಟು ತಗ್ಗುತ್ತದೆ. ತಿದ್ದುಪಡಿ ಆನ್ ಇದ್ದು, ಆಧಾರ 25°C ಆಗಿದ್ದರೆ ಮಾತ್ರ 1413 ಸರಿ. ಆಗಲೂ ಸೆಲ್ ಮತ್ತು ದ್ರಾವಣ ಒಂದೇ ತಾಪಕ್ಕೆ ಬರುವವರೆಗೆ, ಅಂಕಿ ಅಲುಗಾಡದೆ ನಿಲ್ಲುವವರೆಗೆ ಕಾಯಬೇಕು.