ಸೋಡಿಯಂ, ಪೊಟ್ಯಾಸಿಯಂ ಕರೆಂಟು ಬೇರೆ ಮಾಡಲು: ಟಿಟಿಎಕ್ಸಾ, ಟಿಇಎಯಾ?

ಸ್ಕ್ವಿಡ್‌ನ ದಪ್ಪ ನರತಂತುವನ್ನು ವೋಲ್ಟೇಜ್ ಕ್ಲ್ಯಾಂಪ್‌ನಲ್ಲಿ −60ರಿಂದ 0 ಮಿಲಿವೋಲ್ಟ್‌ಗೆ ಏರಿಸಿ ಹಿಡಿದರೆ, ಮೊದಲು ಕರೆಂಟು ಒಳಗೆ ಹರಿಯುತ್ತದೆ. ಒಂದೆರಡು ಮಿಲಿಸೆಕೆಂಡಿನಲ್ಲೇ ತಿರುಗಿ ಹೊರಗೆ ಹರಿಯುತ್ತದೆ. ಮೊದಲಿನದು ಹೆಚ್ಚಾಗಿ ಸೋಡಿಯಂ, ಆಮೇಲಿನದು ಪೊಟ್ಯಾಸಿಯಂ. ನಡುವೆ ಎರಡೂ ಬೆರೆತಿರುತ್ತವೆ.

1952ರಲ್ಲಿ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಹೊರಗಿನ ಸೋಡಿಯಂ ಬದಲು ಕೋಲಿನ್ ಹಾಕಿ ಇವನ್ನು ಬೇರೆ ಮಾಡಿದರು. ಈಗ ಔಷಧಿಗಳಿವೆ.

ಟಿಟಿಎಕ್ಸ್, ಅಂದರೆ ಟೆಟ್ರೋಡೋಟಾಕ್ಸಿನ್, ಸೋಡಿಯಂ ಚಾನೆಲ್ಲಿನ ಹೊರಬಾಯಿ ಮುಚ್ಚುತ್ತದೆ. ಉಳಿದದ್ದು ಪೊಟ್ಯಾಸಿಯಂ ಮತ್ತು ಸ್ವಲ್ಪ ಸೋರಿಕೆ. ಮೊದಲಿನ ದಾಖಲೆಯಿಂದ ಇದನ್ನು ಕಳೆದರೆ ಸೋಡಿಯಂ ಸಿಗುತ್ತದೆ, ಸೋರಿಕೆಯೂ ತಾನಾಗಿಯೇ ಹೋಗುತ್ತದೆ. ತೊಳೆದರೆ ಕರೆಂಟು ವಾಪಸ್ ಬರುತ್ತದೆ. ಆದರೆ ಹೃದಯದ ಸೋಡಿಯಂ ಚಾನೆಲ್ಲಿಗೆ ನ್ಯಾನೋಮೋಲಾರ್ ಸಾಲದು, ಮೈಕ್ರೋಮೋಲಾರ್ ಬೇಕು.

ಕಳೆಯುವ ಲೆಕ್ಕದಲ್ಲಿ ಒಂದು ಮೋಸವಿದೆ. ಪ್ಯಾಚ್ ಪಿಪೆಟ್‌ನಲ್ಲಿ ಸರಣಿ ರೋಧ 5 ಮೆಗಾಓಮ್, ಸೋಡಿಯಂ ಕರೆಂಟು 4 ನ್ಯಾನೋಆಂಪಿಯರ್ ಎಂದಿಟ್ಟುಕೊಳ್ಳಿ. ಸರಿಪಡಿಸದಿದ್ದರೆ 20 ಮಿಲಿವೋಲ್ಟ್ ತಪ್ಪು! ಔಷಧಿ ಹಾಕಿದ ಮೇಲೆ ಆ ತಪ್ಪು ಇರುವುದಿಲ್ಲ. ಅಂದರೆ ಬೇರೆ ಬೇರೆ ವೋಲ್ಟೇಜಿನ ಎರಡು ದಾಖಲೆಗಳನ್ನು ಸುಮ್ನೆ ಕಳೆದಂತಾಯಿತು, ಅಲ್ವಾ?

ಟಿಇಎ (ಟೆಟ್ರಾಈಥೈಲ್‌ಅಮೋನಿಯಂ) ಪೊಟ್ಯಾಸಿಯಂ ತಡೆಯುತ್ತದೆ. ಕಪ್ಪೆಯ ನರಕ್ಕೆ ಹೊರಗಿನಿಂದ ಹಾಕಿದರೂ ಸಾಕು, ಸ್ಕ್ವಿಡ್‌ಗೆ ಒಳಗಿನಿಂದಲೇ ಕೊಡಬೇಕು. ಮಿಲಿಮೋಲಾರ್ ಮಟ್ಟದಲ್ಲಿ ಬೇಕು, ಆದರೂ ಕೆಲವು ಪೊಟ್ಯಾಸಿಯಂ ಚಾನೆಲ್ಲುಗಳು ಜಗ್ಗುವುದಿಲ್ಲ.

ಪೊಟ್ಯಾಸಿಯಂ ಅಳೆಯಬೇಕಿದ್ದರೆ ಟಿಟಿಎಕ್ಸ್ ಸಾಕು. ಸೋಡಿಯಂ ಬೇಕಿದ್ದರೆ ನಾನು ಪಿಪೆಟ್‌ನೊಳಗೆ ಸೀಸಿಯಂ ಜೊತೆ ಟಿಇಎ ಹಾಕಿ, ಕೊನೆಗೆ ಟಿಟಿಎಕ್ಸ್ ಕೊಟ್ಟು ಏನು ಉಳಿಯಿತು ಎಂದು ನೋಡುತ್ತೇನೆ.